ವಿಷಯ: ಹಲಸಿನ ಹಪ್ಪಳದ ರೀಲ್ – ಕೆಲಸ, ಬಳಕೆ ಮತ್ತು ಹಣದ ಬಗ್ಗೆ

ಸುಷ್ಮಾ ಅವರೇ,

ನಮಸ್ಕಾರ. ನಾವು ಬದಿಯಡ್ಕದ ಹತ್ತಿರ ನೀರ್ಚಾಲಿನಲ್ಲಿ ಹಲಸಿನ ಹಪ್ಪಳ ಮಾಡಿ ಮಾರುವವರು. ನಿಮ್ಮ ಪತ್ರೊಡೆ ವಿಡಿಯೊ ನೋಡಿದೆವು. ಅಮ್ಮನ ಜೊತೆ ಮಾತಾಡುತ್ತಾ ಅಡುಗೆ ಮಾಡುವ ನಿಮ್ಮ ರೀತಿ ಇಷ್ಟವಾಯಿತು. ನಮ್ಮ ಹಪ್ಪಳಕ್ಕೂ ಅಂಥದ್ದೇ ಒಂದು ವಿಡಿಯೊ ಮಾಡಿಕೊಡುತ್ತೀರಾ?

ನಮಗೆ ಬೇಕಾದದ್ದು ಸುಮಾರು 60 ಸೆಕೆಂಡಿನ ಒಂದು ರೀಲ್, ಲಿಂಕ್ ಇರುವ ಎರಡು ಸ್ಟೋರಿ, ಐದು ಫೋಟೊ. ಬಕ್ಕೆ ಕಾಯಿಯ ಸೊಳೆ ಬಿಡಿಸಿ, ಬೇಯಿಸಿ, ಅರೆದು, ಒತ್ತಿ, ಚಾಪೆಯಲ್ಲಿ ಒಣಗಿಸುವ ತನಕ ಎಲ್ಲವೂ ನಮ್ಮ ಅಂಗಳದಲ್ಲೇ ಸಿಗುತ್ತದೆ. ಶೂಟಿಂಗ್ ಮೇ 9, ಶನಿವಾರ ಆಗಬಹುದಾ? ಮಳೆ ಹಿಡಿದರೆ ಒಣಗಿಸುವ ಕೆಲಸವೇ ನಿಲ್ಲುತ್ತದೆ, ಮತ್ತೆ ತೋರಿಸಲು ಏನೂ ಇರುವುದಿಲ್ಲ. ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿ, ಬೆಂಗಳೂರಿನ ಧಾಟಿ ಬೇಡ. ಕಾಞಂಗಾಡಿನ ಕಡೆಯ ಗಿರಾಕಿಗಳಿಗಾಗಿ ಮಲಯಾಳಂ ಸಬ್‌ಟೈಟಲ್ ಇರಲಿ, ಅದನ್ನು ನಾವೇ ಬರೆದುಕೊಡುತ್ತೇವೆ.

ಎರಡು ವಿಷಯದಲ್ಲಿ ಮಾತ್ರ ನಾವು ಹಠ ಮಾಡುತ್ತೇವೆ. ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಲೇಬಲ್ ಹಾಕಲೇಬೇಕು. ಹಣ ಪಡೆದು ಮಾಡಿದ ಪ್ರಚಾರವನ್ನು ಹಾಗೆಂದು ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ಇನ್ನೊಂದು, ಹಲಸು ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ಮಾತು ಬೇಡ. ಇದು ಎಣ್ಣೆಯಲ್ಲಿ ಕರಿಯುವ ಹಪ್ಪಳ, ಅಲ್ವಾ!

ಸಂಭಾವನೆ 18,000 ರೂಪಾಯಿ. ಅರ್ಧ ಶೂಟಿಂಗ್‌ಗೆ ಮೊದಲು, ಉಳಿದದ್ದು ರೀಲ್ ಹಾಕಿದ 7 ದಿನದೊಳಗೆ. ಪುತ್ತೂರಿನಿಂದ ಬಂದು ಹೋಗುವ ಕಾರಿನ ಬಾಡಿಗೆ ಬೇರೆ ಕೊಡುತ್ತೇವೆ. ಮಧ್ಯಾಹ್ನದ ಊಟ ನಮ್ಮಲ್ಲೇ.

ವಿಡಿಯೊ, ಫೋಟೊ ಎರಡರ ಹಕ್ಕೂ ನಿಮ್ಮದೇ. ನಮ್ಮ ಇನ್‌ಸ್ಟಾಗ್ರಾಂ ಪೇಜ್ ಮತ್ತು ವಾಟ್ಸ್ಆ್ಯಪ್ ಕ್ಯಾಟಲಾಗ್‌ನಲ್ಲಿ 6 ತಿಂಗಳು ಬಳಸಲು ಅನುಮತಿ ಕೊಟ್ಟರೆ ಸಾಕು. ಹಣ ಕೊಟ್ಟು ಜಾಹೀರಾತಾಗಿ ಓಡಿಸಬೇಕೆನಿಸಿದರೆ ಮೊದಲು ನಿಮ್ಮನ್ನು ಕೇಳಿ, ತಿಂಗಳಿಗೆ 4,000 ರೂಪಾಯಿ ಜಾಸ್ತಿ ಕೊಡುತ್ತೇವೆ. ಪ್ಯಾಕೆಟ್ ಮೇಲೆ, ಫ್ಲೆಕ್ಸ್‌ನಲ್ಲಿ ನಿಮ್ಮ ಮುಖ ಹಾಕುವುದಿಲ್ಲ. ರೀಲ್ ಹಾಕಿದ ಮೇಲೆ 30 ದಿನ ಬೇರೆಯವರ ಹಪ್ಪಳದ ಪ್ರಚಾರ ಮಾಡಬೇಡಿ. ಉಪ್ಪಿನಕಾಯಿ, ಸಾಂತಾಣಿ ಏನಾದರೂ ಮಾಡಿ, ತೊಂದರೆಯಿಲ್ಲ.

ಶೂಟಿಂಗ್‌ಗೆ ಮೊದಲು ಏನೇನು ಹೇಳುತ್ತೀರಿ ಎಂದು ನಾಲ್ಕು ಸಾಲು ಕಳಿಸಿ. ಎಡಿಟ್ ಆದ ರೀಲ್ ಬಂದ ಎರಡು ದಿನದಲ್ಲಿ, ತಿದ್ದುವುದಿದ್ದರೆ ಎಲ್ಲವನ್ನೂ ಒಂದೇ ಸಲ ಹೇಳುತ್ತೇವೆ. ಬೆಲೆ, ಹೆಸರು, ಮಾಡುವ ಕ್ರಮ ತಪ್ಪಿದ್ದರೆ ಮಾತ್ರ ತಿದ್ದಿ. ಸಂಗೀತ, ಕಟ್ಟಿಂಗ್ ನಿಮ್ಮ ಇಷ್ಟ. ಎರಡು ದಿನದಲ್ಲಿ ನಾವು ಏನೂ ಹೇಳದಿದ್ದರೆ ಒಪ್ಪಿದ ಹಾಗೆಯೇ, ಹಾಕಿಬಿಡಿ. ನಮ್ಮ ಕಾರಣದಿಂದ ಮತ್ತೆ ಶೂಟ್ ಮಾಡಬೇಕಾದರೆ ಆ ದಿನಕ್ಕೆ 5,000 ರೂಪಾಯಿ ಬೇರೆ.

ದರದಲ್ಲೋ ಶರತ್ತಿನಲ್ಲೋ ಸರಿಬಾರದ್ದು ಇದ್ದರೆ ಸಂಕೋಚ ಬೇಡ, ಬರೆಯಿರಿ. ಏಪ್ರಿಲ್ 28ರೊಳಗೆ ಉತ್ತರ ಬಂದರೆ ಒಳ್ಳೆಯದು. ನೀವು ಬರುವ ದಿನಕ್ಕೆ ಸರಿಯಾಗಿ ಕಾಯಿ ಕೊಯ್ಯಿಸಬೇಕು.

ಇಂತಿ,
ಗಣೇಶ
ನೀರ್ಚಾಲು, ಕಾಸರಗೋಡು