ಯುನಿಕೋಡ್ ಪರಿವರ್ತನೆ ಕಾರ್ಯದಲ್ಲಿ ತಮ್ಮ ನೆರವಿಗೆ ಕೃತಜ್ಞತೆಗಳು

ಪ್ರತಿ: ವ್ಯವಸ್ಥಾಪಕರು, ದಾಖಲೆ ವಿಭಾಗ

ಮಾನ್ಯ ಸವಿತಾ ಅವರಿಗೆ, ನಮಸ್ಕಾರಗಳು.

ನುಡಿ ತಂತ್ರಾಂಶದ ಹಳೆಯ ವಿನ್ಯಾಸದಲ್ಲಿದ್ದ ನಮ್ಮ 1,200 ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಕಾರ್ಯ ನಿನ್ನೆ ಪೂರ್ಣಗೊಂಡಿದ್ದು, ಅದು ಗಡುವಿನೊಳಗೆ ಮುಗಿಯಲು ತಾವೇ ಮುಖ್ಯ ಕಾರಣ. ಹಳೆಯ ವಿನ್ಯಾಸದಲ್ಲಿ ಅಕ್ಷರದ ನಂತರ ಬರುವ ಅರ್ಕಾವತ್ತು, ಯುನಿಕೋಡ್‌ನಲ್ಲಿ ರಕಾರವಾಗಿ ಮೊದಲೇ ದಾಖಲಾಗಬೇಕಾದ್ದರಿಂದ ‘ವರ್ಷ’, ‘ಅರ್ಜಿ’ಯಂತಹ ಪದಗಳು ಕೆಡುತ್ತಿವೆ ಎಂಬುದನ್ನು ಗುರುತಿಸಿ, ಪರಿವರ್ತನೆಯ ನಿಯಮವನ್ನು ತಿದ್ದಿಕೊಟ್ಟವರು ತಾವು. ನಾನು ಎರಡು ವಾರ ಹುಡುಕಿಯೂ ಕಾಣದ ದೋಷವದು. ಅಷ್ಟಕ್ಕೇ ನಿಲ್ಲದೆ, ಮೂರು ಸಂಜೆ ಕುಳಿತು ಅರ್ಜಿದಾರರ ಹೆಸರುಗಳನ್ನು ಮೂಲ ಪ್ರತಿಯೊಂದಿಗೆ ಒಂದೊಂದಾಗಿ ತಾಳೆ ನೋಡಿದಿರಿ; ಹೆಸರು ತಪ್ಪಿದ್ದರೆ ಅವರು ತಿದ್ದುಪಡಿಗಾಗಿ ಕಚೇರಿಗೆ ಅಲೆಯಬೇಕಾಗುತ್ತಿತ್ತು. ಈ ಶ್ರಮ ತಮ್ಮ ಕರ್ತವ್ಯದ ವ್ಯಾಪ್ತಿಗೆ ಹೊರತಾದುದೆಂಬುದು ವ್ಯವಸ್ಥಾಪಕರ ಗಮನಕ್ಕೂ ಬರಲೆಂದು ಅವರಿಗೂ ಪ್ರತಿ ಕಳುಹಿಸಿದ್ದೇನೆ.

ಹೃತ್ಪೂರ್ವಕ ಧನ್ಯವಾದಗಳೊಂದಿಗೆ,
ರಾಘವೇಂದ್ರ