ಭಾಗ 2: ಈ ಕರಾರಿನಲ್ಲಿ ಬರುವ ಪದಗಳ ಅರ್ಥ
(ಮೈಸೂರಿನ 30×40 ಸೈಟಿನಲ್ಲಿ ಎರಡು ಅಂತಸ್ತಿನ ಮನೆ ಕಟ್ಟುವ ಕೂಲಿ ಕರಾರು)

2.1 ಈ ಭಾಗವನ್ನು ಓದುವ ರೀತಿ

ಕೆಳಗಿನ ಪದಗಳಿಗೆ ಕರಾರಿನಲ್ಲಿ, ಡ್ರಾಯಿಂಗಿನಲ್ಲಿ, ಸೈಟ್ ಪುಸ್ತಕದಲ್ಲಿ, ಬಿಲ್ಲಿನಲ್ಲಿ ಎಲ್ಲೇ ಬಂದರೂ ಇಲ್ಲಿ ಬರೆದ ಅರ್ಥ ಒಂದೇ. ಬೇರೆ ಅರ್ಥ ಬೇಕಾದ ಕಡೆ ಬೇರೆ ಪದವನ್ನೇ ಬಳಸಿದ್ದೇವೆ. ಅಕಾರಾದಿಯಾಗಿ ಜೋಡಿಸಿಲ್ಲ, ಕೆಲಸ ನಡೆಯುವ ಕ್ರಮದಲ್ಲಿ ಬರೆದಿದ್ದೇವೆ. ಸೈಟಿನಲ್ಲಿ ನಿಂತು ಜೋರಾಗಿ ಓದಿದರೆ ಎಲ್ಲರಿಗೂ ತಿಳಿಯಬೇಕು ಅನ್ನೋದು ನಮ್ಮ ಆಸೆ.

ಇಲ್ಲಿ ಇರುವುದು ಅರ್ಥ ಮಾತ್ರ. ಯಾರು ಏನು ಮಾಡಬೇಕು ಎನ್ನುವುದು ಭಾಗ 4ರಲ್ಲಿ, ಹಣದ ಕಂತುಗಳು ಭಾಗ 5ರಲ್ಲಿ ಇವೆ. ಇಲ್ಲಿಲ್ಲದ ಪದದ ಬಗ್ಗೆ ಅನುಮಾನ ಬಂದರೆ ಅದರ ಅರ್ಥವನ್ನು ಸೈಟ್ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಆ ದಿನದಿಂದ ಅದೂ ಈ ಭಾಗಕ್ಕೆ ಸೇರುತ್ತದೆ.

2.2 ಜನ ಮತ್ತು ಕಾಗದ

ಮಾಲೀಕರು: ಮೊದಲ ಪುಟದಲ್ಲಿ ಒಂದನೇ ಪಾರ್ಟಿಯಾಗಿ ಸಹಿ ಹಾಕಿದವರು. ಅವರ ಮನೆಯವರು, ನೆಂಟರು, ಪಕ್ಕದ ಸೈಟಿನವರು ಮಾಲೀಕರಲ್ಲ. ಭಾವಮೈದ ಬಂದು "ಈ ಕಿಟಕಿ ಆ ಕಡೆ ಇಡಿ" ಎಂದರೆ ಅದು ಮಾಲೀಕರ ಮಾತಲ್ಲ.

ಮೇಸ್ತ್ರಿ: ಎರಡನೇ ಪಾರ್ಟಿಯಾಗಿ ಸಹಿ ಹಾಕಿದವರು. ಅವರು ಕರೆತಂದ ಗಾರೆಯವರು, ಬಾರ್ ಬೆಂಡಿಂಗಿನವರು, ಸೆಂಟ್ರಿಂಗಿನವರು, ಹೆಲ್ಪರ್‌ಗಳು ಮಾಡಿದ ಕೆಲಸವನ್ನೂ ಮೇಸ್ತ್ರಿ ಮಾಡಿದ ಕೆಲಸ ಎಂದೇ ಓದಬೇಕು.

ಡ್ರಾಯಿಂಗ್: ಇಂಜಿನಿಯರ್ ಸಹಿ ಮಾಡಿದ ಆರು ಹಾಳೆಗಳು. ಬದಲಾದ ಹಾಳೆ ಬಂದರೆ ಹಳೆಯದರ ಮೇಲೆ ಕೆಂಪು ಇಂಕಿನಲ್ಲಿ ಗೆರೆ ಎಳೆಯಬೇಕು. ಗೆರೆ ಬಿದ್ದ ಹಾಳೆ ಡ್ರಾಯಿಂಗ್ ಅಲ್ಲ. ಫೋನಿನಲ್ಲಿರುವ ಫೋಟೋ ಕೂಡ ಡ್ರಾಯಿಂಗ್ ಅಲ್ಲ.

ಲಿಖಿತವಾಗಿ: ಸೈಟ್ ಪುಸ್ತಕದಲ್ಲಿ ಬರೆದದ್ದು, ಅಥವಾ ಮಾಲೀಕರ ನಂಬರಿನಿಂದ ಮೇಸ್ತ್ರಿಯ ನಂಬರಿಗೆ ಹೋದ ವಾಟ್ಸಾಪ್ ಮೆಸೇಜು. ವಾಯ್ಸ್ ಮೆಸೇಜು ಸೇರುವುದಿಲ್ಲ.

2.3 ಚದರ

ಜಾಸ್ತಿ ಜಗಳ ಆಗುವ ಪದ ಇದೇ. ಮಾಲೀಕರ ಹಿಂದಿನ ಮನೆಯಲ್ಲಿ ಪೋರ್ಟಿಕೋ ಲೆಕ್ಕ ಹೇಗೆ ಎಂದು ಮೊದಲೇ ಬರೆದಿರಲಿಲ್ಲ. ಮನೆ ನಿಂತ ಮೇಲೆ ಟೇಪು ಹಿಡಿದುಕೊಂಡು ವಾದ ಮಾಡಬೇಕಾಯಿತು. ಹಾಗಾಗಿ ಇಲ್ಲಿ ಬಿಡಿಸಿ ಬರೆದಿದ್ದೇವೆ.

ಚದರ ಅಂದರೆ 100 ಚದರ ಅಡಿ. ಅಳತೆ ಗೋಡೆಯ ಹೊರಮುಖದಿಂದ ಹೊರಮುಖಕ್ಕೆ, ಪ್ಲಾಸ್ಟರಿಂಗಿಗೆ ಮುಂಚೆ, ಬ್ಲಾಕಿಗೆ ಟೇಪು ತಾಗಿಸಿ ತೆಗೆಯಬೇಕು.

ಪೂರ್ತಿ ಲೆಕ್ಕಕ್ಕೆ ಬರುವುದು: ಎರಡೂ ಅಂತಸ್ತಿನ ಗೋಡೆಯೊಳಗಿನ ಜಾಗ ಗೋಡೆ ಸಮೇತ, ಎರಡೂ ಅಂತಸ್ತಿನ ಮೆಟ್ಟಿಲು, ಟೆರೇಸಿನ ಮೇಲಿನ ಹೆಡ್‌ರೂಮ್.

ಅರ್ಧ ಲೆಕ್ಕಕ್ಕೆ ಬರುವುದು: ಪೋರ್ಟಿಕೋ, ಬಾಲ್ಕನಿ.

ಲೆಕ್ಕಕ್ಕೆ ಬಾರದ್ದು: ಸಜ್ಜಾ, ಲಾಫ್ಟ್, ಪ್ಯಾರಾಪೆಟ್, ಸಂಪು, ಕಾಂಪೌಂಡ್. ಇವುಗಳಲ್ಲಿ ಸಜ್ಜಾ, ಲಾಫ್ಟ್, ಪ್ಯಾರಾಪೆಟ್‌ಗಳ ಕೂಲಿ ಚದರದ ರೇಟಿನಲ್ಲೇ ಸೇರಿದೆ. ಸಂಪಿಗೆ ಲೀಟರಿನ ರೇಟು, ಕಾಂಪೌಂಡಿಗೆ ಉದ್ದ ಅಡಿಯ ರೇಟು ಬೇರೆ ಇದೆ.

ಡ್ರಾಯಿಂಗ್ ಪ್ರಕಾರ ನಮ್ಮ ಲೆಕ್ಕ ಹೀಗಿದೆ. ಮೊದಲ ಮಹಡಿ 26×34, ಅಂದರೆ 884 ಚದರ ಅಡಿ. ಕೆಳಗೂ ಅಷ್ಟೇ ಜಾಗ ಇದೆ. ಆದರೆ ಅದರಲ್ಲಿ 10×16 ಕಾರು ನಿಲ್ಲುವ ಪೋರ್ಟಿಕೋ. 884ರಿಂದ 160 ಕಳೆದರೆ 724. ಪೋರ್ಟಿಕೋದ 160ರಲ್ಲಿ ಅರ್ಧ 80. ಹೊರಗೆ ಚಾಚಿದ 3×10 ಬಾಲ್ಕನಿಯಲ್ಲಿ ಅರ್ಧ 15. ಹೆಡ್‌ರೂಮ್ 8×14, ಅಂದರೆ 112. ಎಲ್ಲ ಕೂಡಿಸಿದರೆ 1,815 ಚದರ ಅಡಿ, 18.15 ಚದರ. ಚದರಕ್ಕೆ 38,000 ರೂಪಾಯಿಯಂತೆ 6,89,700 ರೂಪಾಯಿ.

ಪೋರ್ಟಿಕೋ ಮತ್ತು ಬಾಲ್ಕನಿಯನ್ನು ಪೂರ್ತಿ ಹಿಡಿದಿದ್ದರೆ 19.10 ಚದರ ಆಗುತ್ತಿತ್ತು. ವ್ಯತ್ಯಾಸ 36,100 ರೂಪಾಯಿ. ಒಂದೇ ಮನೆ, ಒಂದೇ ಟೇಪು, ಪದದ ಅರ್ಥ ಮಾತ್ರ ಬೇರೆ. ಅರ್ಧ ಲೆಕ್ಕವನ್ನು ಇಬ್ಬರೂ ಕೂತು ಮಾತಾಡಿ ಒಪ್ಪಿದ್ದೇವೆ.

ಲೀಟರ್ (ಸಂಪಿಗೆ): ಪ್ಲಾಸ್ಟರಿಂಗ್ ಆದ ಮೇಲೆ ಒಳಗಿನ ಉದ್ದ, ಅಗಲ, ನೀರು ನಿಲ್ಲುವ ಎತ್ತರ ಗುಣಿಸಿ ಬಂದ ಘನ ಅಡಿಗೆ 28.3 ಲೀಟರಿನಂತೆ. ನೀರು ನಿಲ್ಲುವ ಎತ್ತರ ಅಂದರೆ ತಳದಿಂದ ಓವರ್‌ಫ್ಲೋ ಪೈಪಿನವರೆಗೆ, ಮುಚ್ಚಳದವರೆಗೆ ಅಲ್ಲ.

2.4 ಸಾಮಾನು ಮತ್ತು ಕೆಲಸ

ಕಂಬಿ: ಕಾಂಕ್ರೀಟಿನೊಳಗೆ ಹೋಗುವ ಟಿಎಂಟಿ ಸ್ಟೀಲ್ ಮಾತ್ರ. ಕಿಟಕಿಗೆ ಹಾಕುವುದನ್ನು ಮಾತಿನಲ್ಲಿ ಕಂಬಿ ಅಂತಲೇ ಕರೆಯುತ್ತೇವೆ, ಅಲ್ವಾ? ಈ ಕರಾರಿನಲ್ಲಿ ಅದರ ಹೆಸರು ಗ್ರಿಲ್.

ಪ್ಲಾಸ್ಟರಿಂಗ್: ಗೋಡೆಗೂ ಸೀಲಿಂಗಿಗೂ ಸಿಮೆಂಟು, ಮರಳು ಕಲಸಿ ಬಳಿಯುವುದು. "ಗಾರೆ ಕೆಲಸ" ಎಂಬ ಮಾತನ್ನು ಕರಾರಿನಲ್ಲಿ ಎಲ್ಲೂ ಬಳಸಿಲ್ಲ. ಒಬ್ಬರಿಗೆ ಅದು ಪ್ಲಾಸ್ಟರಿಂಗ್, ಇನ್ನೊಬ್ಬರಿಗೆ ಕಟ್ಟಡದ ಇಡೀ ಕೆಲಸ.

ಮರಳು: ಎಂ ಸ್ಯಾಂಡ್. ಪ್ಲಾಸ್ಟರಿಂಗಿಗೆ ಪಿ ಸ್ಯಾಂಡ್.

ಅಳತೆ 1:6 ಮತ್ತು ಇಂಥ ಎಲ್ಲ ಅಳತೆ: ಮೊದಲ ಸಂಖ್ಯೆ ಸಿಮೆಂಟು, ಎರಡನೆಯದು ಮರಳು. ಒಂದೇ ಪೆಟ್ಟಿಗೆಯಲ್ಲಿ, ಮೇಲೆ ಗೀಚಿ ಮಟ್ಟ ಮಾಡಿ ಅಳೆಯಬೇಕು. 50 ಕೆಜಿ ಮೂಟೆ ಸಿಮೆಂಟನ್ನು ಸುಮಾರು 35 ಲೀಟರ್ ಎಂದು ಹಿಡಿಯುತ್ತೇವೆ, ಹಾಗಾಗಿ ಪೆಟ್ಟಿಗೆಯೂ 35 ಲೀಟರಿನದು. ಬಾಂಡ್ಲಿ ಅಳತೆಯಲ್ಲ. ಒಬ್ಬರು ಗೋಪುರ ಮಾಡಿ ತುಂಬುತ್ತಾರೆ, ಸಂಜೆ ಸುಸ್ತಾದವರು ಅರ್ಧ ತುಂಬುತ್ತಾರೆ.

ಕವರ್: ಕಂಬಿಯ ಹೊರಮೈಯಿಂದ ಕಾಂಕ್ರೀಟಿನ ಹೊರಮೈಗೆ ಇರುವ ಅಂತರ. ಮೋಲ್ಡಿಗೆ 20 ಮಿ.ಮೀ., ಬೀಮಿಗೆ 25, ಪಿಲ್ಲರಿಗೆ 40, ಫುಟಿಂಗಿಗೆ 50. ಕಂಬಿ ಕೆಳಗೆ ಜೆಲ್ಲಿ ಚೂರು ಸಿಕ್ಕಿಸಿದರೆ ಅದು ಕವರ್ ಅಲ್ಲ, ಕವರ್ ಬ್ಲಾಕೇ ಇರಬೇಕು.

ಪಾಯ ಮುಗಿಯುವುದು: ಪ್ಲಿಂತ್ ಬೀಮಿನ ಕಾಂಕ್ರೀಟ್ ಆಗಿ, ಹಲಗೆ ಬಿಚ್ಚಿ, ಒಳಗೆ ಮಣ್ಣು ತುಂಬಿ, ನೀರು ಬಿಟ್ಟು ದಮ್ಮಸ್ಸು ಮಾಡಿದ್ದು. ಅಗೆತ ಮುಗಿಯುವುದನ್ನು ಪಾಯ ತೆಗೆಯುವುದು ಎನ್ನುತ್ತೇವೆ. ಇವೆರಡಕ್ಕೂ ಬೇರೆ ಬೇರೆ ಕಂತು.

ಮೋಲ್ಡ್: ಛಾವಣಿಯ ಕಾಂಕ್ರೀಟ್ ಸ್ಲ್ಯಾಬ್. ಮೋಲ್ಡ್ ಹಾಕಿದ ದಿನ ಅಂದರೆ ಕೊನೆಯ ಕಾಂಕ್ರೀಟ್ ಬಿದ್ದ ದಿನ. ಮೋಲ್ಡ್ ಮುಗಿಯುವುದು ಅಂದರೆ ಸೆಂಟ್ರಿಂಗ್ ಬಿಚ್ಚಿ, ಕೆಳಗಿನಿಂದ ಇಂಜಿನಿಯರ್ ನೋಡಿ ಸೈಟ್ ಪುಸ್ತಕದಲ್ಲಿ ಬರೆದದ್ದು. ಕ್ಯೂರಿಂಗ್ ಎಣಿಸುವುದು ಮೊದಲನೆಯದರಿಂದ, ಕಂತು ಸಿಗುವುದು ಎರಡನೆಯದಕ್ಕೆ.

ಕ್ಯೂರಿಂಗ್: ಮೇಲ್ಮೈ ಒಣಗದ ಹಾಗೆ ಒದ್ದೆಯಾಗಿ ಇಡುವುದು. ದಿನಕ್ಕೆರಡು ಸಲ ಪೈಪು ಹಿಡಿದು, ನಡುವೆ ಒಣಗಲು ಬಿಟ್ಟರೆ ಅದು ಕ್ಯೂರಿಂಗ್ ಅಲ್ಲ. ಮೋಲ್ಡ್ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಪಿಲ್ಲರಿಗೆ ಗೋಣಿಚೀಲ ಸುತ್ತಬೇಕು. ಐಎಸ್ 456:2000 ಹೇಳುವ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10. ನಾವು ಕಾಂಕ್ರೀಟಿಗೆಲ್ಲ 14 ದಿನ ಒಪ್ಪಿದ್ದೇವೆ.

2.5 ಸಮಯ

ದಿನ: ಕ್ಯಾಲೆಂಡರ್ ದಿನ. ಭಾನುವಾರವೂ ಸೇರುತ್ತದೆ. ಕ್ಯೂರಿಂಗಿನ 14 ದಿನ ಈ ಲೆಕ್ಕದಲ್ಲೇ. ಕಾಂಕ್ರೀಟಿಗೆ ರಜೆ ಗೊತ್ತಿಲ್ಲ.

ಕೆಲಸದ ದಿನ: ಭಾನುವಾರ, ಹಬ್ಬದ ರಜೆ, ಮಳೆ ದಿನ ಬಿಟ್ಟು ಉಳಿದದ್ದು. ಭಾಗ 6ರ 200 ಕೆಲಸದ ದಿನ ಎಣಿಸುವುದು ಹೀಗೆ.

ಹಬ್ಬದ ರಜೆ: ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ರಂಜಾನ್, ಬಕ್ರೀದ್, ಗಣೇಶ ಚತುರ್ಥಿಗೆ ಒಂದೊಂದು ದಿನ, ದಸರೆಗೆ ಎರಡು, ದೀಪಾವಳಿಗೆ ಎರಡು. ಕೆಲಸದವರ ಊರ ಜಾತ್ರೆಗೆ ಒಟ್ಟು ಮೂರು ದಿನ. ಜಾತ್ರೆಯ ಮೂರು ದಿನವನ್ನು ಮೇಸ್ತ್ರಿ ಕೇಳಿದರು, ಕೇಳಿದ್ದು ಸರಿಯಾಗಿಯೇ ಇತ್ತು.

ಮಳೆ ದಿನ: ಬೆಳಗ್ಗೆ 9ರಿಂದ ಸಂಜೆ 6ರ ಒಳಗೆ ಮಳೆಯಿಂದ ನಾಲ್ಕು ಗಂಟೆಗೂ ಜಾಸ್ತಿ ಕೆಲಸ ನಿಂತು, ಅದೇ ಸಂಜೆ ಸೈಟ್ ಪುಸ್ತಕದಲ್ಲಿ ಬರೆದ ದಿನ. ವಾರ ಕಳೆದು ನೆನಪಿನಿಂದ ಬರೆದದ್ದು ಸೇರುವುದಿಲ್ಲ.

ಎಕ್ಸ್‌ಟ್ರಾ ಕೆಲಸ: ಡ್ರಾಯಿಂಗಿನಲ್ಲಿ ಇಲ್ಲದ್ದು, ಮತ್ತು ಶುರು ಮಾಡುವ ಮುಂಚೆ ರೇಟು ಲಿಖಿತವಾಗಿ ಒಪ್ಪಿದ್ದು. ಎರಡೂ ಇರಬೇಕು. ಮಾಡಿದ್ದನ್ನು ಕೆಡವಿ ಮತ್ತೆ ಕಟ್ಟಬೇಕಾದರೆ, ಕೆಡವಿದ್ದು ಮಾಲೀಕರ ಬದಲಾವಣೆಯಿಂದಾದರೆ ಎಕ್ಸ್‌ಟ್ರಾ ಕೆಲಸ, ಡ್ರಾಯಿಂಗ್ ತಪ್ಪಿ ಕಟ್ಟಿದ್ದರಿಂದಾದರೆ ಅಲ್ಲ.

ಕೆಲಸ ಮುಗಿದ ದಿನ: ಗೃಹಪ್ರವೇಶದ ದಿನವಲ್ಲ. ಮುಹೂರ್ತಕ್ಕೆ ಹಾಲುಕ್ಕಿಸಿ ಆಮೇಲೂ ಕೆಲಸ ಉಳಿಯುವುದುಂಟು. ಟೆರೇಸಿನಲ್ಲಿ 48 ಗಂಟೆ ನೀರು ನಿಲ್ಲಿಸಿ ಕೆಳಗೆ ಒದ್ದೆ ಕಾಣದೆ, ಇಂಜಿನಿಯರ್ ಕೊಟ್ಟ ಉಳಿದ ಕೆಲಸದ ಪಟ್ಟಿಯೆಲ್ಲ ತೀರಿ, ಸೈಟಿನಿಂದ ಸೆಂಟ್ರಿಂಗ್ ಸಾಮಾನು ಮತ್ತು ಡೆಬ್ರಿ ಹೊರಗೆ ಹೋದ ದಿನ. ಈ ಮೂರರಲ್ಲಿ ಕೊನೆಯದು ಯಾವತ್ತು ಆಯಿತೋ ಆ ತಾರೀಖು.