ಜನರ ಕಣ್ಣಲ್ಲಿ ನಾವು ಎಲ್ಲಿದ್ದೇವೆ? ಶಿರಸಿ ಸರ್ವೆಯ ನಕ್ಷೆ

ಸರ್,

ಪಿಯು ಮಕ್ಕಳು ಮತ್ತು ಪೋಷಕರು ಸೇರಿ 86 ಜನ ನಮ್ಮ ಕೋಚಿಂಗ್‌ಗೂ ಉಳಿದ ಕಡೆಯವರಿಗೂ 5ರಲ್ಲಿ ಅಂಕ ಕೊಟ್ಟಿದ್ದಾರೆ. ಪಾಠ, ಟೆಸ್ಟ್, ರಿಸಲ್ಟ್ ಮೂರಕ್ಕೂ ಅಂಕ ಜೊತೆಜೊತೆಯಾಗಿಯೇ ಏರಿಳಿದಿದೆ. ಒಂದಕ್ಕೆ ಜಾಸ್ತಿ ಕೊಟ್ಟವರು ಉಳಿದ ಎರಡಕ್ಕೂ ಜಾಸ್ತಿ ಕೊಟ್ಟಿದ್ದಾರೆ. ಹಾಗಾಗಿ ಮೂರನ್ನೂ ಸೇರಿಸಿ ಅಡ್ಡ ಗೆರೆಗೆ ‘ರಿಸಲ್ಟ್ ನಂಬಿಕೆ’ ಅಂತ ಹಾಕಿದ್ದೇನೆ. ಉದ್ದ ಗೆರೆ ‘ಪ್ರತಿ ಮಗುವಿನ ಮೇಲೆ ಗಮನ’. ಫೀಸನ್ನು ಗೆರೆಯಾಗಿ ಹಾಕಿಲ್ಲ. ದುಬಾರಿ ಅನಿಸಿದ್ದಕ್ಕೆ ಜನ ಒಳ್ಳೇ ರಿಸಲ್ಟ್ ಅಂಕವನ್ನೂ ಕೊಟ್ಟುಬಿಡುತ್ತಾರೆ, ಅದನ್ನೇ ಎರಡು ಸಲ ಎಣಿಸಿದಂತಾಗುತ್ತದೆ.

| | ರಿಸಲ್ಟ್ ನಂಬಿಕೆ | ಗಮನ |
|---|---|---|
| ಹುಬ್ಬಳ್ಳಿ ಹಾಸ್ಟೆಲ್ ಕೋಚಿಂಗ್ | 4.5 | 2.1 |
| ಪೇಟೆಯ ದೊಡ್ಡ ಕೋಚಿಂಗ್ | 3.9 | 2.4 |
| ಮನೆ ಟ್ಯೂಷನ್ | 2.3 | 4.4 |
| ನಾವು | 3.2 | 3.1 |
| ಜನ ಬಯಸುವ ಜಾಗ | 3.9 | 4.3 |

ನಾವು ನಕ್ಷೆಯ ನಟ್ಟನಡುವೆ ಇದ್ದೇವೆ. ಕೆಟ್ಟ ಹೆಸರಿಲ್ಲ, ಆದರೆ ‘ಇದಕ್ಕೇ ಅಲ್ಲಿಗೆ ಸೇರಿಸಬೇಕು’ ಅನ್ನುವ ಹೆಸರೂ ಇಲ್ಲ. ಬಲಗಡೆ ಮೇಲಿನ ಮೂಲೆ ಖಾಲಿ. ಖಾಲಿ ಇದೆ ಅಂದಮಾತ್ರಕ್ಕೆ ಅಲ್ಲಿ ಗಿರಾಕಿ ಇದ್ದಾರೆ ಅಂತಲ್ಲ. ಅದಕ್ಕೇ ‘ನಿಮಗೆ ಎಂಥದ್ದು ಬೇಕು’ ಅಂತ ಬೇರೆಯಾಗಿ ಕೇಳಿದ್ದು. ಉತ್ತರ ಅದೇ ಮೂಲೆಗೆ ಬಂದು ಬಿದ್ದಿದೆ.

ನನಗೆ ಮುಖ್ಯ ಅನಿಸಿದ್ದು 3.1ರ ಒಳಗಿರುವುದು. ಶಿರಸಿ ಪೇಟೆಯ 47 ಜನ ನಮ್ಮ ಗಮನಕ್ಕೆ 3.6 ಕೊಟ್ಟಿದ್ದಾರೆ. ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬಸ್ಸಿನಲ್ಲಿ ಬರುವ 39 ಜನ ಕೊಟ್ಟದ್ದು 2.5. ಮೇಷ್ಟ್ರು ಅವರೇ, ಬ್ಯಾಚೂ ಅದೇ. ಆದರೆ ಡೌಟ್ ಕ್ಲಾಸ್ ಶುರುವಾಗುವುದು ಸಂಜೆ 5:30ಕ್ಕೆ, ಅಷ್ಟರಲ್ಲಿ ಆ ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿರುತ್ತಾರೆ. ಒಬ್ಬ ತಾಯಿ ಫಾರ್ಮಿನ ಅಂಚಿನಲ್ಲಿ ಬರೆದಿದ್ದಾರೆ: ‘ಡೌಟ್ ಕ್ಲಾಸ್ ಇದೆ ಅಂತಲೇ ನಮಗೆ ಗೊತ್ತಿಲ್ಲ.’

ಫೀಸ್ 38,000ದಿಂದ ಇಳಿಸುವ ಮಾತು ಬೇಡ. ಇಳಿಸಿದರೆ ಮನೆ ಟ್ಯೂಷನ್ ಜೊತೆ ಹೋಲಿಸುತ್ತಾರೆ, ಅಲ್ಲಿ ನಾವು ಗೆಲ್ಲುವುದಿಲ್ಲ. ಹುಬ್ಬಳ್ಳಿಯವರ ಹಾಗೆ ರ್‍ಯಾಂಕ್ ಫ್ಲೆಕ್ಸ್ ಕಟ್ಟುವುದೂ ಸುಮ್ನೆ ಖರ್ಚು. ಮೊದಲು ಮೇಲಕ್ಕೆ ಹೋಗೋಣ, ಬಲಕ್ಕೆ ನಿಧಾನವಾಗಿ.

ಡೌಟ್ ಕ್ಲಾಸನ್ನು 3:30ಕ್ಕೆ ತನ್ನಿ, ಪಾಠದ ಮಧ್ಯವೇ ಇರಲಿ. ಮಳೆಗಾಲದಲ್ಲಿ ಬಸ್ ತಪ್ಪಿದವರಿಗೆ ಅದೇ ಪಾಠ ಶನಿವಾರ ಮತ್ತೆ ಆಗಲಿ. ಪ್ರತಿ ಟೆಸ್ಟ್ ಆದಮೇಲೆ ಮನೆಗೆ ಒಂದು ಫೋನ್ ಹೋಗಲಿ. ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿನಲ್ಲಿ ಪಿಯು ಅಂಕಕ್ಕೂ ಅರ್ಧ ಪಾಲಿದೆ, ಅಲ್ವಾ? ಬೋರ್ಡ್ ಮತ್ತು ಸಿಇಟಿ ಎರಡನ್ನೂ ಒಂದೇ ಕಾರ್ಡಿನಲ್ಲಿ ತೋರಿಸಿದರೆ ರಿಸಲ್ಟ್ ನಂಬಿಕೆಯೂ ಏರಬಹುದು.

ಕರಪತ್ರದಲ್ಲಿ ಒಂದೇ ಸಾಲು ಸಾಕು: ‘ಮನೆಯಿಂದಲೇ ಬನ್ನಿ, ಡೌಟ್ ಮುಗಿಸಿಯೇ ಬಸ್ ಹತ್ತಿ.’ ಆದರೆ ಸಮಯ ಬದಲಾಗುವ ತನಕ ಅದನ್ನು ಅಚ್ಚು ಹಾಕಿಸಬೇಡಿ.

ದಸರಾ ರಜೆ ಮುಗಿದ ಮೇಲೆ ಇದೇ ಪ್ರಶ್ನೆಗಳನ್ನು ಮತ್ತೆ ಕೇಳೋಣ. ಬಸ್ಸಿನ ಮಕ್ಕಳ 2.5 ಏರದಿದ್ದರೆ ಶನಿವಾರದ ಕ್ಲಾಸ್ ನಿಲ್ಲಿಸಿ, ಆ ದುಡ್ಡನ್ನು ಇನ್ನೊಬ್ಬ ಫಿಸಿಕ್ಸ್ ಮೇಷ್ಟ್ರಿಗೆ ಹಾಕಿ.